ಜೆಲ್ ಪಾಲಿಶ್ ಹಚ್ಚಿಸಿಕೊಳ್ಳುವವರೇ, ದಯವಿಟ್ಟು ಇದನ್ನು ಓದಿ

ಉಗುರಿನ ಸುತ್ತ ತಡೆಯಲಾಗದ ಕೆರೆತ, ಸಣ್ಣ ನೀರುಗುಳ್ಳೆಗಳು, ಆಮೇಲೆ ಸಿಪ್ಪೆ ಎದ್ದು ಬಿರುಕು ಬಿಡುವ ಬೆರಳ ತುದಿ. ಜೆಲ್ ಪಾಲಿಶ್ ಹಾಕಿಸಿಕೊಂಡ ಒಂದೆರಡು ದಿನಗಳಲ್ಲಿ ಹೀಗಾದರೆ ಅದು ಅಲರ್ಜಿ ಇರಬಹುದು. ಪಾರ್ಲರಿನವರ ಸಮಾಧಾನ ನಂಬಬೇಡಿ. ನನ್ನ ಕಣ್ಣಿನ ರೆಪ್ಪೆ ಕೂಡ ಊದಿಕೊಂಡಿತು. ಬೆರಳಿನಿಂದ ಮುಟ್ಟಿದ ಕಡೆಯೂ ಇದು ಏಳಬಹುದು!

ತಂಗಿಯ ಮದುವೆಗೆಂದು ಬೆಂಗಳೂರಿನ ಒಂದು ಪಾರ್ಲರಿಗೆ ಹೋಗಿದ್ದೆ. ಹಿಂದೆಯೂ ಅಲ್ಲೇ ಹಾಕಿಸಿದ್ದೆ, ಏನೂ ಆಗಿರಲಿಲ್ಲ. ಈ ಬಾರಿ ಜೆಲ್ ಚರ್ಮದ ಮೇಲೆ ಹರಿದಾಗ ಹುಡುಗಿ ಅದನ್ನು ಒರೆಸದೆ, ಕೈಯನ್ನು ಹಾಗೆಯೇ ಜೆಲ್ ಗಟ್ಟಿಮಾಡುವ ದೀಪದ ಕೆಳಗಿಟ್ಟಳು. ಕೇಳಿದ್ದಕ್ಕೆ, "ಒಣಗಿದ ಮೇಲೆ ಕಿತ್ತು ತೆಗೆಯುತ್ತೇನೆ ಮೇಡಂ" ಎಂದಳು.

ಕೆರೆತ ಶುರುವಾದಾಗ ಫೋನ್ ಮಾಡಿದೆ. ಒಡತಿಯ ಮೊದಲ ಉತ್ತರ: "ಪಾತ್ರೆ ತೊಳೆಯುವ ಸೋಪಿನಿಂದ ಆಗಿರಬೇಕು." ಎರಡನೆಯದು: "ಅಲರ್ಜಿ ಆಗಿದ್ದರೆ ಮೊದಲ ಸಲವೇ ಆಗಬೇಕಿತ್ತಲ್ಲ?" ಈ ಮಾತೇ ನನ್ನನ್ನು ದಾರಿ ತಪ್ಪಿಸಿತು. ಚರ್ಮರೋಗ ವೈದ್ಯರು ಹೇಳಿದ್ದು ಅದಕ್ಕೆ ತದ್ವಿರುದ್ಧ. ಇಂಥ ಅಲರ್ಜಿ ಮೊದಲ ಬಾರಿಗೇ ಕಾಣಿಸಿಕೊಳ್ಳುವುದು ಅಪರೂಪ. ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗುತ್ತಾ ತಾಗುತ್ತಾ ದೇಹ ಅದನ್ನು ಶತ್ರುವೆಂದು ಗುರುತಿಸಿಕೊಳ್ಳುತ್ತದೆ. ಒಮ್ಮೆ ಗುರುತಿಸಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ.

ಅನುಮಾನವಿರುವ ಪದಾರ್ಥಗಳನ್ನು ಪಟ್ಟಿಗಳಲ್ಲಿಟ್ಟು ಬೆನ್ನಿಗೆ ಅಂಟಿಸುವ ಪ್ಯಾಚ್ ಪರೀಕ್ಷೆ ಮಾಡಿದರು. ಪಟ್ಟಿಗಳನ್ನು 48 ಗಂಟೆಗಳ ನಂತರ ತೆಗೆದು, ಇನ್ನೆರಡು ದಿನ ಬಿಟ್ಟು ಮತ್ತೆ ನೋಡಿದರು. ಜೆಲ್‌ಗಳಲ್ಲಿ ಬಳಸುವ 'ಹೆಮಾ' ಎಂಬ ಮೆಥಾಕ್ರಿಲೇಟ್ ರಾಸಾಯನಿಕ ಇಟ್ಟ ಜಾಗ ಕೆಂಪಗೆ ಊದಿತ್ತು.

ವರದಿ ಕಳಿಸಿದೆ. ಒಡತಿಯ ಉತ್ತರ ಈಗಲೂ ಮೈ ಉರಿಸುತ್ತದೆ: "ನಮ್ಮದು ಹೆಮಾ ಇಲ್ಲದ ಜೆಲ್." ಹಾಗಾದರೆ ಬಾಟಲಿಯ ಹಿಂಭಾಗದ ಚಿತ್ರ ಕಳಿಸಿ ಎಂದೆ. ಮುಂಭಾಗದ್ದನ್ನೇ ಕಳಿಸಿದರು. ಮತ್ತೆ ಕೇಳಿದೆ, ಮತ್ತೆ ಮುಂಭಾಗ! ಕೊನೆಗೆ, "ಜೆಲ್ ಬೇಡದಿದ್ದರೆ ಅರ್ಧ ಬೆಲೆಗೆ ಕೃತಕ ಉಗುರು ಅಂಟಿಸಿಕೊಡುತ್ತೇವೆ" ಎಂದರು. ಆ ಅಂಟಿನಲ್ಲಿರುವುದು ಸಯನೋಅಕ್ರಿಲೇಟ್. ಅದರಿಂದಲೂ ಕೆಲವರಿಗೆ ಅಲರ್ಜಿ ಆಗುತ್ತದೆ. ಹುಣ್ಣಾದ ಬೆರಳಿಗೆ ಅದನ್ನು ಹಚ್ಚಲು ಬರುತ್ತಾರಂತೆ!

ಹೆಮಾ ಇಲ್ಲ ಎಂದು ಬರೆದ ಬಾಟಲಿಯಲ್ಲೂ ಅದರದೇ ಜಾತಿಯ ಬೇರೆ ಅಕ್ರಿಲೇಟ್‌ಗಳು ಇರಬಹುದು. ಆದ್ದರಿಂದ ಮುಂಭಾಗದ ಮಾತು ಬಿಟ್ಟು ಹಿಂಭಾಗದ ಪದಾರ್ಥಗಳ ಪಟ್ಟಿ ಓದಿ, ತೋರಿಸದಿದ್ದರೆ ಎದ್ದು ಬನ್ನಿ. ಜೆಲ್ ಚರ್ಮಕ್ಕೆ ತಾಗಿದರೆ ದೀಪಕ್ಕೆ ಕೈಯಿಡುವ ಮೊದಲೇ ಒರೆಸಲು ಹೇಳಿ. ಆ ಜೆಲ್ ತಯಾರಕರು ಹೇಳಿದ ದೀಪವನ್ನೇ, ಹೇಳಿದಷ್ಟು ಹೊತ್ತು ಬಳಸಬೇಕು. ಬೇರೆ ದೀಪದಲ್ಲಿ ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ಹಸಿ ಉಳಿದಿರಬಹುದು. ಮನೆಯಲ್ಲಿ ಹಚ್ಚುವ ಕಿಟ್‌ಗಳಿಗೂ ಇದೇ ಮಾತು. ಕೆರೆತ ಶುರುವಾಗಿದ್ದರೆ ಇನ್ನೊಂದು ಕಂಪನಿಯ ಜೆಲ್ ಪ್ರಯತ್ನಿಸಲೇಬೇಡಿ, ನೇರ ಚರ್ಮರೋಗ ವೈದ್ಯರ ಬಳಿ ಹೋಗಿ.

ಅಲರ್ಜಿ ಖಚಿತವಾದವರು ಹಲ್ಲಿನ ವೈದ್ಯರಿಗೂ ಮೊದಲೇ ತಿಳಿಸಿ. ಹಲ್ಲಿನ ಹುಳುಕಿಗೆ ತುಂಬುವ ಬಿಳಿ ಪದಾರ್ಥದಲ್ಲೂ, ಅದನ್ನು ಹಿಡಿದಿಡುವ ಅಂಟಿನಲ್ಲೂ ಇದೇ ಮೆಥಾಕ್ರಿಲೇಟ್‌ಗಳು ಇರುತ್ತವೆ.