‘ಕ್ಲಿಮಾ’ ಹವಾಮಾನವಲ್ಲ: ರುಚಿ ಟಿಪ್ಪಣಿಯ ಅನುವಾದಕ್ಕೆ ಮೂರು ದಾರಿಗಳು

ಫ್ರೆಂಚ್ ವೈನ್ ಮತ್ತು ಚೀಸ್‌ಗಳ ರುಚಿ ಟಿಪ್ಪಣಿಗಳನ್ನು ಇಂಗ್ಲಿಷಿಗೆ ತರುವಾಗ ನಾನು ಮೂರು ದಾರಿಗಳನ್ನು ಹಿಡಿದು ನೋಡಿದ್ದೇನೆ: ಮಣ್ಣಿನ ನಂಟಿರುವ ಪದವನ್ನು ಫ್ರೆಂಚಿನಲ್ಲೇ ಬಿಡುವುದು, ಅದಕ್ಕೆ ಇಂಗ್ಲಿಷ್ ಪದವನ್ನು ಕೊಡುವುದು, ಇಲ್ಲವೇ ಪದವನ್ನು ಉಳಿಸಿಕೊಂಡು ಅರ್ಥವನ್ನು ಅದೇ ವಾಕ್ಯದಲ್ಲಿ ಹೆಣೆಯುವುದು. ಈಗ ನಾನು ನೆಚ್ಚಿಕೊಂಡಿರುವುದು ಮೂರನೆಯದನ್ನು.

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಶಾಬ್ಲಿ ಎಂಬ ಊರಿನ ‘ಲೆ ಕ್ಲೊ’ ವೈನಿನ ಟಿಪ್ಪಣಿಯೊಂದು ‘ನೈಋತ್ಯಕ್ಕೆ ಮುಖ ಮಾಡಿದ ಈ ಕ್ಲಿಮಾ’ ಎಂದು ಆರಂಭವಾಗಿತ್ತು. ಆಗ ನಾನು ಮೊದಲನೆಯ ದಾರಿಯಲ್ಲಿದ್ದುದರಿಂದ ಪದವನ್ನು ಹಾಗೆಯೇ ಬಿಟ್ಟು ಕಳುಹಿಸಿದೆ. ಆಮದುದಾರರ ಕಚೇರಿಯಲ್ಲಿ ಯಾರೋ ಅದನ್ನು ಕಾಗುಣಿತದ ತಪ್ಪೆಂದು ತಿಳಿದು ‘ಕ್ಲೈಮೇಟ್’ ಎಂದು ತಿದ್ದಿದರು, ಟಿಪ್ಪಣಿಯ ಕಾರ್ಡುಗಳೂ ಹಾಗೆಯೇ ಅಚ್ಚಾದವು. ಬರ್ಗಂಡಿಯಲ್ಲಿ ಕ್ಲಿಮಾ ಎಂದರೆ ಹವಾಮಾನವಲ್ಲ. ನಮ್ಮ ಹಳ್ಳಿಗಳಲ್ಲಿ ಒಂದೊಂದು ಹೊಲಕ್ಕೂ ಹೆಸರಿರುವಂತೆ, ಸ್ವಂತ ಹೆಸರು ಮತ್ತು ಗೊತ್ತಾದ ಗಡಿಯುಳ್ಳ ದ್ರಾಕ್ಷಿ ತೋಟದ ಒಂದು ತುಂಡು. ಶಾಬ್ಲಿಯ ಗ್ರಾಂ ಕ್ರು, ಅಂದರೆ ಅತ್ಯುನ್ನತ ದರ್ಜೆಯ, ಇಳಿಜಾರಿನಲ್ಲಿ ಅಂಥವು ಏಳಿದ್ದು, ಲೆ ಕ್ಲೊ ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. 2015ರಲ್ಲಿ ಯುನೆಸ್ಕೊ ಬರ್ಗಂಡಿಯ ಕ್ಲಿಮಾಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಇಂಗ್ಲಿಷ್ ಹೆಸರಿನಲ್ಲೂ ಆ ಪದವನ್ನೇ ಇಟ್ಟುಕೊಂಡಿತು. ತಪ್ಪನ್ನು ಪತ್ತೆ ಹಚ್ಚುವ ದಾರಿಯೂ ಆ ವಾಕ್ಯದಲ್ಲೇ ಇತ್ತು: ಹವಾಮಾನವು ನೈಋತ್ಯಕ್ಕೆ ಮುಖ ಮಾಡಲಾರದು. ಇಂದು ನಾನು ‘ಲೆ ಕ್ಲೊ, ನೈಋತ್ಯಕ್ಕೆ ಮುಖ ಮಾಡಿರುವ ಕ್ಲಿಮಾ, ಅಂದರೆ ಹೆಸರುಳ್ಳ ತೋಟ’ ಎಂಬ ಅರ್ಥ ಬರುವಂತೆ ಬರೆಯುತ್ತೇನೆ. ಇದಕ್ಕೆ ಮೂರು ನಾಲ್ಕು ಪದಗಳು ಹೆಚ್ಚಾಗುತ್ತವೆ, ಆದರೆ ಅದನ್ನು ತಿದ್ದಲು ಯಾರೂ ಹೋಗುವುದಿಲ್ಲ.

ಇಂಗ್ಲಿಷ್ ಪದವೇ ಸಾಕಾಗುವ ಸಂದರ್ಭಗಳೂ ಇವೆ. ‘ಪಿಯೆರ್ ಆ ಫ್ಯೂಜಿ’ ಎಂದರೆ ಹಳೆಯ ಬಂದೂಕಿನ ಚಕಮಕಿ ಕಲ್ಲು. ‘ಗನ್‌ಫ್ಲಿಂಟ್’ ಎಂದರೆ ಕಿಡಿ ಹಾರಿದಾಗಿನ ವಾಸನೆ ಸರಿಯಾಗಿ ಮೂಡುತ್ತದೆ. ಆದರೆ ‘ಫ್ಲಿಂಟಿ ಸಾಯಿಲ್’ ಎಂದು ಬರೆದರೆ ವಾಸನೆಯ ಮಾತು ಮಣ್ಣಿನ ಮಾತಾಗಿಬಿಡುತ್ತದೆ. ಅದು ತಪ್ಪೂ ಆಗುತ್ತದೆ, ಏಕೆಂದರೆ ಲೆ ಕ್ಲೊದ ನೆಲವು ಸಿಂಪಿಯ ಪಳೆಯುಳಿಕೆಗಳುಳ್ಳ, ಕಿಮೆರಿಡ್ಜಿಯನ್ ಎಂಬ ಪ್ರಾಚೀನ ಭೂಯುಗದ ಸುಣ್ಣಕಲ್ಲು ಮತ್ತು ಸುಣ್ಣಮಿಶ್ರಿತ ಜೇಡಿಯದು.

ಚೀಸ್‌ನಲ್ಲಿ ನನ್ನನ್ನು ಎಡವಿಸಿದ್ದು ಕೊಂತೆ ಎಂಬ ಫ್ರೆಂಚ್ ಚೀಸ್‌ನ ಟಿಪ್ಪಣಿಯಲ್ಲಿದ್ದ ‘ಫ್ರುಯಿತೆ’. ಅದನ್ನು ‘ಫ್ರೂಟಿ’ ಎಂದೆ. ಓದಿದವರು ಹಣ್ಣಿನ ರುಚಿಯನ್ನು ಹುಡುಕಿದರು. ಅಲ್ಲಿ ಆ ಪದವು ಹೇಳುವುದು ಹೇಝಲ್‌ನಟ್, ಕಾಯಿಸಿದ ಬೆಣ್ಣೆ ಮುಂತಾದ ಪರಿಮಳಗಳ ತುಂಬುತನವನ್ನು. ಸುತ್ತಲಿನ ಹಟ್ಟಿಗಳ ಹಾಲನ್ನು ಒಟ್ಟುಗೂಡಿಸಿ ಚೀಸ್ ಮಾಡುವ ‘ಫ್ರುಯಿತಿಯೆರ್’ಗೂ ಹಣ್ಣಿಗೂ ಸಂಬಂಧವಿಲ್ಲ. ಮೊದಲನೆಯದಕ್ಕೆ ಪರಿಮಳಗಳನ್ನೇ ಹೆಸರಿಸುತ್ತೇನೆ, ಎರಡನೆಯದನ್ನು ವಿವರಣೆಯೊಡನೆ ಉಳಿಸುತ್ತೇನೆ.

ನನಗೆ ಸಂಭಾವನೆ ಸಿಗುವುದು ಫ್ರೆಂಚ್ ಮೂಲದ ಪದಗಳ ಲೆಕ್ಕದಲ್ಲಿ. ವಿವರಣೆಯ ಹೆಚ್ಚುವರಿ ಪದಗಳಿಗೆ ಹಣವಿಲ್ಲ. ಆದ್ದರಿಂದ ಅರವತ್ತು ಪದಗಳ ಕಾರ್ಡಿನಲ್ಲಿ ಒಂದೇ ಪದಕ್ಕೆ ಈ ಸೌಲಭ್ಯ ಕೊಡುತ್ತೇನೆ, ಅದು ಬಹುಮಟ್ಟಿಗೆ ಜಾಗವನ್ನು ಸೂಚಿಸುವ ಪದವಾಗಿರುತ್ತದೆ. ರೆಸ್ಟೊರೆಂಟಿನ ಮೆನುವಿನ ಒಂದು ಸಾಲಿನಲ್ಲಿ ಅದಕ್ಕೂ ಎಡೆಯಿಲ್ಲದಿದ್ದಾಗ ‘ಲೆ ಕ್ಲೊ ತೋಟದ ವೈನ್’ ಎಂದಷ್ಟೇ ಬರೆದು, ಕ್ಲಿಮಾ ಎಂಬ ಪದವನ್ನು ಕೈಬಿಡುತ್ತೇನೆ.