ಕಾಫಿಪುಡಿ ರೇಟು ಏರಿಸಿದಾಗ ಬರೆದ ಮೂರು ಚೀಟಿ: ಗಿರಾಕಿಗೆ ಹಿಡಿಸಿದ್ದು ಯಾವುದು?

ಮೈಸೂರಲ್ಲಿ ನಮ್ಮದು ಚಿಕ್ಕ ಕಾಫಿಪುಡಿ ಅಂಗಡಿ. ಬೀಜ ಹುರಿದು, ಗಿರಾಕಿ ಎದುರಿಗೇ ಪುಡಿ ಮಾಡಿ ಕೊಡುತ್ತೇವೆ. 2024ರಲ್ಲಿ ಬ್ರೆಜಿಲ್, ವಿಯೆಟ್ನಾಂ ಎರಡೂ ಕಡೆ ಮಳೆ ಕೈಕೊಟ್ಟು ಬೀಜದ ರೇಟು ಏರುತ್ತಲೇ ಹೋಯಿತು. ನಾವೂ ಮೂರು ಸಲ ಬೆಲೆ ಏರಿಸಬೇಕಾಯಿತು. ಮೂರು ಸಲವೂ ಬೇರೆ ಬೇರೆ ಥರ ಬರೆದು ನೋಡಿದೆ. ಈಗ ನಾನು ಬಳಸುವುದು ಮೂರನೆಯದನ್ನೇ. ಮೊದಲೆರಡು ಯಾಕೆ ಬಿಟ್ಟೆ ಅಂತ ಹೇಳುತ್ತೇನೆ.

ಮೊದಲನೆಯದು ಎಲ್ಲ ಅಂಗಡಿಯಲ್ಲೂ ತೂಗುವಂಥದ್ದು: "ಕಚ್ಚಾ ವಸ್ತುಗಳ ಬೆಲೆ ಏರಿಕೆಯಿಂದಾಗಿ ಇಂದಿನಿಂದ ದರ ಪರಿಷ್ಕರಿಸಲಾಗಿದೆ. ಗ್ರಾಹಕರು ಸಹಕರಿಸಬೇಕಾಗಿ ವಿನಂತಿ." ಹಳೇ ಬೆಲೆ ಎಷ್ಟು, ಹೊಸದೆಷ್ಟು ಅಂತ ಬರೆದಿರಲಿಲ್ಲ. ಆದರೆ ಏಟು ಬಿದ್ದದ್ದು "ಇಂದಿನಿಂದ" ಅನ್ನುವ ಮಾತಿಗೆ.

ಆವತ್ತು ಬೆಳಿಗ್ಗೆ ಪಕ್ಕದ ಬೀದಿಯ ಹುಡುಗಿಯೊಬ್ಬಳು ಕಾಲು ಕೆಜಿ ಪುಡಿಗೆ ಬಂದಳು. ಮುಷ್ಟಿಯಲ್ಲಿ ನೂರರ ಒಂದು ನೋಟು, ಹತ್ತರವು ಮೂರು, ಐದರ ಒಂದು ನಾಣ್ಯ. ಲೆಕ್ಕವಾಗಿ 135. ನಾನು 145 ಅಂದೆ. ಅವಳು ನೋಟುಗಳನ್ನು ಮತ್ತೆ ಮತ್ತೆ ಎಣಿಸಿದಳು. "ಅಂಕಲ್, ಅಮ್ಮ ಇಷ್ಟೇ ಕೊಟ್ಟಿದ್ದು" ಅಂದಳು. ಹಿಂದೆ ನಿಂತಿದ್ದವರೆಲ್ಲ ನೋಡುತ್ತಿದ್ದರು. ಹಳೇ ಬೆಲೆಗೇ ಕೊಟ್ಟು ಕಳಿಸಿದೆ.

ಸಂಜೆ ಅವಳ ಅಮ್ಮ ಉಳಿದ ಹತ್ತು ರೂಪಾಯಿ ತಂದು ಕೌಂಟರ್ ಮೇಲಿಟ್ಟರು. "ನಾಲ್ಕು ದಿನ ಮುಂಚೆ ಹೇಳಿದ್ದರೆ ಸರಿಯಾಗಿ ಕೊಟ್ಟು ಕಳಿಸ್ತಿದ್ದೆ, ಅಲ್ವಾ?" ಅಂದರು. ಅವರಿಗೆ ಬೇಸರ ಇದ್ದದ್ದು ಹತ್ತು ರೂಪಾಯಿಗಲ್ಲ, ಮಗಳು ಎಲ್ಲರೆದುರು ಕೈಚಾಚಿ ನಿಲ್ಲಬೇಕಾಯಿತಲ್ಲ ಅಂತ. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಎರಡನೇ ಸಲ ವಾಟ್ಸಾಪ್‌ನಲ್ಲಿ ಉದ್ದನೆ ಸಂದೇಶ ಕಳಿಸಿದೆ. ಬ್ರೆಜಿಲ್ ಬರ, ಕರೆಂಟ್ ಬಿಲ್, ಬಾಡಿಗೆ, ಮೂರು ಕಡೆ ಕ್ಷಮೆ, ಕೊನೆಗೆ "ಗುಣಮಟ್ಟದಲ್ಲಿ ರಾಜಿ ಇಲ್ಲ", "ಒಂದು ಲೋಟಕ್ಕೆ ಹೆಚ್ಚೋದು ಒಂದೇ ರೂಪಾಯಿ". ಮುಂಚೆಯೇ ತಿಳಿಸಿದ್ದು ಒಳ್ಳೆಯದಾಯಿತು. ಆದರೆ ರಾಜಿ ಇಲ್ಲ ಅಂದದ್ದಕ್ಕೇ ಕೆಲವರು "ಚಿಕೋರಿ ಜಾಸ್ತಿ ಮಾಡಿದ್ರಾ?" ಅಂತ ಕೇಳಿದರು. ಪಿಂಚಣಿಯಲ್ಲಿ ಮನೆ ನಡೆಸುವ ಅಜ್ಜಿಯೊಬ್ಬರು "ಒಂದೇ ರೂಪಾಯಿ ಅಂತ ನೀನು ಹೇಳಬೇಡಪ್ಪ, ನನ್ನ ಲೆಕ್ಕ ನಾನು ಹಾಕ್ಕೋತೀನಿ" ಅಂದರು. ಅವರು ಹೇಳಿದ್ದು ಸರಿ. ಅದು ಹಗುರವೋ ಭಾರವೋ ಅಂತ ಹೇಳಬೇಕಾದವರು ಕೊಳ್ಳುವವರು.

ಮೂರನೆಯದನ್ನು ಚಾರ್ಟ್ ಪೇಪರ್ ಮೇಲೆ ಕೈಯಲ್ಲೇ ಬರೆದು, ಹತ್ತು ದಿನ ಮೊದಲೇ ತಕ್ಕಡಿ ಪಕ್ಕ ಅಂಟಿಸಿದೆ:

"ಫೆಬ್ರವರಿ 1ರಿಂದ 80:20 ಪುಡಿ ಕಾಲು ಕೆಜಿಗೆ ₹185. ಈಗ ₹160. ಹಸಿ ಬೀಜ ಕೆಜಿಗೆ ₹100 ಏರಿದೆ. ಕಾಫಿ, ಚಿಕೋರಿ ಅಳತೆ ಮೊದಲಿನದೇ. ಜನವರಿ 31ರವರೆಗೆ ಹಳೇ ಬೆಲೆ."

ಇಷ್ಟೇ. ಯಾರಾದರೂ ಕೇಳಿದರೆ ಬಾಯಲ್ಲೇ ಲೆಕ್ಕ ಹೇಳುತ್ತೇನೆ. ಹುರಿದಾಗ ಬೀಜದ ತೂಕ ಇಳಿಯುತ್ತದೆ. ನಮ್ಮಲ್ಲಿ ಒಂದು ಕೆಜಿ ಹುರಿದ ಬೀಜಕ್ಕೆ ಸುಮಾರು 1.2 ಕೆಜಿ ಹಸಿ ಬೀಜ ಬೇಕು. ಹಾಗಾಗಿ ಹಸಿ ಬೀಜಕ್ಕೆ 100 ಏರಿದರೆ ಹುರಿದದ್ದಕ್ಕೆ 120 ಏರಿತು. ಪುಡಿಯಲ್ಲಿ ಕಾಫಿ 80 ಪಾಲು, ಅದಕ್ಕೆ 96. ಚಿಕೋರಿ ರೇಟು ಬದಲಾಗಿರಲಿಲ್ಲ. ಕಾಲು ಕೆಜಿಗೆ 24 ಬಂತು, ಚಿಲ್ಲರೆ ತೊಂದರೆ ಬೇಡ ಅಂತ 25 ಮಾಡಿದೆ. ಆ ಒಂದು ರೂಪಾಯಿ ವಿಷಯವನ್ನೂ ಮುಚ್ಚಿಡಲಿಲ್ಲ. ಕಾರಣ ಒಂದೇ ಆದರೂ ಅಂಕಿ ಸಮೇತ ಹೇಳಿದರೆ ಜನ ನಂಬುತ್ತಾರೆ. ಬಾಡಿಗೆ, ಕರೆಂಟ್ ಎಲ್ಲ ಸೇರಿಸಿದಾಗಲೇ ನೆಪ ಹುಡುಕುತ್ತಿದ್ದಾನೆ ಅನಿಸುವುದು.

ಇದರಲ್ಲೂ ಒಂದು ತೊಡಕು ಬಂತು. ಹಳೇ ಬೆಲೆ ಇರುವಾಗಲೇ ಮೂರು ನಾಲ್ಕು ಕೆಜಿ ಕೇಳುವವರು ಬಂದರು. ಪುಡಿ ಮಾಡಿಟ್ಟರೆ ಬೇಗ ಘಮ ಹೋಗುತ್ತದೆ, ಆಮೇಲೆ ಕಾಫಿ ಸಪ್ಪೆ ಅಂತ ನಮ್ಮನ್ನೇ ಬೈಯುತ್ತಾರೆ. ಅದಕ್ಕೆ ಮನೆಗೆ ಒಂದು ಕೆಜಿ ಅಂತ ಒಂದು ಸಾಲು ಸೇರಿಸಿದೆ. ಎಂಆರ್‌ಪಿ ಅಚ್ಚಾಗಿದ್ದ ಹಳೇ ಪ್ಯಾಕೆಟ್‌ಗಳನ್ನು ಮುಗಿಯುವವರೆಗೂ ಅಚ್ಚಾದ ಬೆಲೆಗೇ ಮಾರಿದೆ. ಅದಕ್ಕಿಂತ ಹೆಚ್ಚಿಗೆ ಮಾರುವ ಹಾಗಿಲ್ಲ.

ಖರ್ಚಿನ ಮಾತು ಬಂದರೆ ಚಾರ್ಟ್ ಪೇಪರ್ ಸಾಕು. ನನ್ನ ಗಿರಾಕಿಗಳಲ್ಲಿ ವಯಸ್ಸಾದವರೇ ಜಾಸ್ತಿ, ಫೋನ್ ನೋಡುವುದು ಕಮ್ಮಿ, ತಕ್ಕಡಿ ಮುಳ್ಳನ್ನು ಮಾತ್ರ ತಪ್ಪದೆ ನೋಡುತ್ತಾರೆ. ಮನೆಗೆ ತಲುಪಿಸುವ ಅಂಗಡಿಯಾದರೆ ಇದೇ ಐದು ಸಾಲನ್ನು ವಾಟ್ಸಾಪ್‌ಗೆ ಹಾಕಬಹುದು.

ಹೋಟೆಲಿನವರಿಗೆ ಮಾತ್ರ ಚೀಟಿ ಸಾಲದು. ನನ್ನ ರೇಟು ಏರಿದರೆ ಅವರು ತಮ್ಮ ಬೋರ್ಡ್ ಬದಲಿಸಬೇಕು. ನಮ್ಮಲ್ಲಿ ತಿಂಗಳಿಗೆ ಹತ್ತು ಕೆಜಿ ಒಯ್ಯುವ ಇಬ್ಬರಿದ್ದಾರೆ. ಅವರಿಗೆ ಮೂರು ವಾರ ಮುಂಚೆ ನಾನೇ ಹೋಗಿ ಹೇಳಿ ಬರುತ್ತೇನೆ.