ಡೈಕ್ಲೋಫೆನಾಕ್ ಜೆಲ್: ಮೊಣಕಾಲಿಗೆ 14 ತಿಂಗಳು ಹಚ್ಚಿದ ಮೇಲೆ

ಐದರಲ್ಲಿ ಮೂರೂವರೆ ಸ್ಟಾರ್. ಊರು ಉಡುಪಿ, ವಯಸ್ಸು 61, ಎರಡೂ ಮೊಣಕಾಲು ಸವೆದಿದೆ, ಬಲಗಾಲು ಜಾಸ್ತಿ.

ಜೆಲ್ಲಿಗೆ ನಾನಾಗಿ ಬಂದವಳಲ್ಲ. ಮೊದಲು ಎರಡು ವರ್ಷ ಅಸಿಕ್ಲೋಫೆನಾಕ್ ಎಂಬ ನೋವಿನ ಮದ್ದು ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆಯನ್ನು ದಿನಾ ನುಂಗುತ್ತಿದ್ದೆ. ಚೀಟಿ ಇದ್ದದ್ದು 10 ದಿನಕ್ಕೆ, ಆಮೇಲಿನದ್ದೆಲ್ಲ ಮೆಡಿಕಲ್‌ನಲ್ಲಿ ಖಾಲಿ ಸ್ಟ್ರಿಪ್ ತೋರಿಸಿ ತಂದದ್ದು. ಪ್ಯಾರಾಸಿಟಮಾಲ್ ಅಂತ ಕಂಡದ್ದರಿಂದ, ಜ್ವರದ ಮಾತ್ರೆ ಅಲ್ವಾ ಅಂತ ಧೈರ್ಯ. ಗಂಜಿ ಉಂಡ ಮೇಲೆಯೇ ತೆಗೆದುಕೊಳ್ಳುತ್ತಿದ್ದೆ, ಹೊಟ್ಟೆ ಉರಿ ಒಂದು ದಿನವೂ ಇರಲಿಲ್ಲ.

ಆಮೇಲೊಂದು ಮಳೆಗಾಲದಲ್ಲಿ ಮಲ ಡಾಂಬರಿನ ಹಾಗೆ ಕಪ್ಪಾಗಿ, ಅಂಟಂಟಾಗಿ ಹೋಗತೊಡಗಿತು. ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂತು. ಹಿಮೋಗ್ಲೋಬಿನ್ 7.6. ಎಂಡೋಸ್ಕೋಪಿ ಮಾಡಿದಾಗ ಜಠರದ ಕೆಳಭಾಗದಲ್ಲಿ ಹುಣ್ಣು, ರಕ್ತ ಒಸರಿದ ಗುರುತು. "ಉಂಡೇ ತಗೊಂಡದ್ದು ಡಾಕ್ಟ್ರೇ" ಅಂದೆ. ಮಾತ್ರೆಯೊಳಗಿನ ಅಸಿಕ್ಲೋಫೆನಾಕ್ ರಕ್ತಕ್ಕೆ ಸೇರಿದ ಮೇಲೆಯೂ ಹೊಟ್ಟೆಯ ಒಳಪದರವನ್ನು ಕಾಯುವ ಪ್ರೊಸ್ಟಾಗ್ಲಾಂಡಿನ್ ಕಡಿಮೆ ಮಾಡುತ್ತದಂತೆ. ಹಾಗಾಗಿ ಉಂಡು ನುಂಗಿದರೂ ಇಂಜೆಕ್ಷನ್ ಹಾಕಿಸಿಕೊಂಡರೂ ಅಪಾಯ ತಪ್ಪುವುದಿಲ್ಲ. ಹುಣ್ಣು ಮಾಡುವ ಬ್ಯಾಕ್ಟೀರಿಯಾ ಇದೆಯಾ ಅಂತಲೂ ನೋಡಿದರು, ನನಗೆ ಇರಲಿಲ್ಲ. ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ಪ್ಯಾಂಟೊಪ್ರಜೋಲ್, 8 ವಾರ. ಮತ್ತೆ ಎಂಡೋಸ್ಕೋಪಿ ಮಾಡಿದಾಗ ಹುಣ್ಣು ಮಾಯ್ದಿತ್ತು.

ಆಗ ಬರೆದುಕೊಟ್ಟದ್ದು ಈ ಜೆಲ್. ಮೊದಲ ವಾರ ಬಟಾಣಿ ಕಾಳಿನಷ್ಟು ಹಚ್ಚಿ, ದುಡ್ಡು ದಂಡ ಅಂತ ಬೈದೆ. ಶೇಕಡಾ 1ರ ಜೆಲ್ಲಿನ ಅಳತೆ ಒಂದು ಮೊಣಕಾಲಿಗೆ ಒಂದು ಸಲಕ್ಕೆ 4 ಗ್ರಾಂ, ದಿನಕ್ಕೆ ನಾಲ್ಕು ಸಲ. ಹಾಗೆ ಎರಡೂ ಕಾಲಿಗೆ ಹಚ್ಚಿದರೆ 30 ಗ್ರಾಂನ ಟ್ಯೂಬ್ ಒಂದು ದಿನಕ್ಕೂ ಸಾಲುವುದಿಲ್ಲ ಮಾರಾಯ್ರೆ! ಒಂದು ಸ್ಟಾರ್ ಹೋದದ್ದು ಇಲ್ಲಿಯೇ. ಈಗ ಡಾಕ್ಟ್ರನ್ನು ಕೇಳಿ ಬಲಗಾಲಿಗೆ ಮಾತ್ರ, ನೋವು ಹೆಚ್ಚಿದ ದಿನಗಳಲ್ಲಿ ಹಚ್ಚುತ್ತೇನೆ. ಮಾತ್ರೆಯಷ್ಟು ಗಟ್ಟಿ ಅಲ್ಲ, ಆದರೆ ಹೆರೆಮಣೆ ಮೇಜಿನ ಮೇಲೆ ಬಂದ ಮೇಲೆ ಅಡುಗೆಮನೆ ಕೆಲಸ ನಡೆಯುತ್ತದೆ.

ಜೆಲ್ಲಿನದ್ದೂ ಅದೇ ಜಾತಿಯ ಮದ್ದು. ರಕ್ತಕ್ಕೆ ಸೇರುವುದು ಮಾತ್ರೆಗಿಂತ ತುಂಬಾ ಕಡಿಮೆ, ಸೊನ್ನೆ ಏನಲ್ಲ. ಅದಕ್ಕೇ ಮಲದ ಬಣ್ಣದ ಮೇಲೆ ಈಗಲೂ ಕಣ್ಣು. ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಟ್ಟು ಒಮ್ಮೆ ಚರ್ಮ ಕೆಂಪಾಗಿ ಉರಿಯಿತು, ಆ ತಪ್ಪು ನನ್ನದೇ. ಸೊಂಟದ ಕೀಲು ತುಂಬ ಒಳಗಿರುವುದರಿಂದ ಅಲ್ಲಿಗೆ ಇದು ಆಗುವುದಿಲ್ಲ. ಅರ್ಧ ಸ್ಟಾರ್ ಅದಕ್ಕೆ ಹೋಯಿತು.

ನಿಜ ಹೇಳಬೇಕೆಂದರೆ ಹೆಚ್ಚು ಉಪಕಾರ ಮಾಡಿದ್ದು ಬೈರಾಸು. ಸುತ್ತಿ ಮೊಣಕಾಲಿನ ಅಡಿಗೆ ಇಟ್ಟು, ತೊಡೆ ಬಿಗಿಮಾಡಿ 5 ಸೆಕೆಂಡ್ ಒತ್ತಿ ಹಿಡಿಯುವುದು, 10 ಸಲ, ಬೆಳಿಗ್ಗೆ ಸಂಜೆ. ಗುಣ ಕಾಣಲು ಎರಡು ತಿಂಗಳು ಬೇಕಾಯಿತು.

ಮೊನ್ನೆ ಹಲ್ಲು ಕೀಳಿಸಲು ಹೋದರೆ ಚೀಟಿಯಲ್ಲಿ ಮತ್ತೆ ಅದೇ ಮಾತ್ರೆ. ಹುಣ್ಣಿನ ಕಥೆ ಹೇಳಿದೆ. ಡಾಕ್ಟ್ರು ಗೀಟು ಎಳೆದು ಬರೀ ಪ್ಯಾರಾಸಿಟಮಾಲ್ ಬರೆದರು.